ಭಾಗಗಳಲ್ಲಿ ಕನಿಷ್ಠ, ಒಟ್ಟಿನಲ್ಲಿ ಕನಿಷ್ಠ: ಪಾಸಿನ ಗೆರೆಯನ್ನು ಎಲ್ಲಿ ಎಳೆಯಬೇಕು

(ಹಾಸನದಲ್ಲಿ ಪದವಿ ಮತ್ತು ಡಿಪ್ಲೊಮಾ ಕಾಲೇಜುಗಳ ಅಧ್ಯಾಪಕರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿಗೆ ನಾನು ಎಕ್ಸ್‌ಟರ್ನಲ್ ಪರೀಕ್ಷಕನಾಗಿ ಹೋಗಿದ್ದೆ. ಲ್ಯಾಬ್ ಟೆಕ್ನಿಷಿಯನ್ ತರಬೇತಿಯ ಒಂದು ವಿಷಯ. ಥಿಯರಿಗೆ 60, ಪ್ರಾಕ್ಟಿಕಲ್‌ಗೆ 25, ವೈವಾಕ್ಕೆ 15, ಹೀಗೆ ನೂರು ಅಂಕ. ಪ್ರತಿ ಭಾಗದಲ್ಲೂ ಶೇಕಡಾ 40 ಬರಬೇಕು, ಒಟ್ಟಿನಲ್ಲಿ 50 ಬರಬೇಕು ಎಂಬುದು ನಿಯಮ. ಸಕಲೇಶಪುರದ ಆಚೆಯ ಒಂದು ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳಿಗೆ ಥಿಯರಿಯಲ್ಲಿ 47, ಪ್ರಾಕ್ಟಿಕಲ್‌ನಲ್ಲಿ 16 ಬಂದವು. ವೈವಾದಲ್ಲಿ ಬಂದದ್ದು 5. ಬೇಕಾಗಿದ್ದುದು 6. ಒಟ್ಟು 68 ಅಂಕ ತೆಗೆದ ಆಕೆ ನಪಾಸಾದಳು. ಆ ದಿನ ಮೂವತ್ತು ಮಂದಿಯ ವೈವಾ ಮುಗಿಸಬೇಕಿತ್ತು, ಆಕೆಯ ಸರದಿ ಬಂದಾಗ ಸಂಜೆಯಾಗಿತ್ತು, ನಾವು ಆಕೆಯೊಂದಿಗೆ ಕಳೆದದ್ದು ನಾಲ್ಕೇ ನಿಮಿಷ. ಆ ನಾಲ್ಕು ನಿಮಿಷವನ್ನು ಮತ್ತೆ ಬರೆಯಲು, ಅಂದರೆ ಮತ್ತೆ ಉತ್ತರಿಸಲು, ಆಕೆ ಆರು ತಿಂಗಳು ಕಾಯಬೇಕಾಯಿತು. ಅಂಕಪಟ್ಟಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಆದರೆ ನಿಯಮವೇ ಸರಿಯಿತ್ತೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ಇಂದು ನಾನು ಮಾತಾಡಲಿರುವುದು ಇಂಥ ಎರಡು ಹಂತದ ನಿಯಮವನ್ನು ರೂಪಿಸುವ ಬಗೆಯನ್ನು ಕುರಿತು. ತಮ್ಮಲ್ಲಿ ಅನೇಕರು ಬೋರ್ಡ್ ಆಫ್ ಸ್ಟಡೀಸ್‌ಗಳಲ್ಲಿ ಇದ್ದೀರಿ, ಸ್ವಾಯತ್ತ ಕಾಲೇಜುಗಳಲ್ಲಿ ಈ ಗೆರೆಗಳನ್ನು ಎಳೆಯುವವರು ತಾವೇ.

ಮೊದಲಿಗೆ, ಭಾಗದ ಕನಿಷ್ಠವೂ ಒಟ್ಟಿನ ಕನಿಷ್ಠವೂ ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಎಂಬುದನ್ನು ಗಮನಿಸಬೇಕು. ಒಟ್ಟಿನ ಗೆರೆ ಕೇಳುವುದು, ಈ ವಿದ್ಯಾರ್ಥಿ ಇಡೀ ವಿಷಯದಲ್ಲಿ ಸಾಕಷ್ಟು ಕಲಿತಿದ್ದಾನೆಯೇ ಎಂದು. ಅಲ್ಲಿ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚಳ ತುಂಬಿಕೊಡಬಹುದು. ಭಾಗದ ಗೆರೆ ಹೇಳುವುದು ಅದಕ್ಕೆ ತದ್ವಿರುದ್ಧವಾದ ಮಾತನ್ನು: ಈ ಒಂದು ಕೌಶಲದ ಕೊರತೆಯನ್ನು ಬೇರೆ ಯಾವುದರಿಂದಲೂ ತುಂಬಲಾಗದು. ರಕ್ತದ ಗುಂಪನ್ನು ಪತ್ತೆ ಮಾಡುವ ವಿಧಾನವನ್ನು ಉತ್ತರ ಪತ್ರಿಕೆಯಲ್ಲಿ ಸೊಗಸಾಗಿ ಬರೆದವನು ಸ್ಲೈಡಿನ ಮೇಲೆ ಕಣಗಳು ಗುಂಪುಗೂಡಿದ್ದನ್ನು ಗುರುತಿಸಲಾರದೆ ಹೋದರೆ, ಆ ಸೊಗಸಾದ ಬರಹ ರೋಗಿಯನ್ನು ಉಳಿಸುವುದಿಲ್ಲ. ಆದುದರಿಂದ ಯಾವುದೇ ಭಾಗಕ್ಕೆ ಪ್ರತ್ಯೇಕ ಕನಿಷ್ಠವನ್ನು ಇಡುವ ಮುನ್ನ ಸಮಿತಿ ಒಂದು ವಾಕ್ಯವನ್ನು ಬರೆದಿಡಬೇಕೆಂದು ನಾನು ಒತ್ತಾಯಿಸುತ್ತೇನೆ: ಈ ಭಾಗದಲ್ಲಿ ಅಳೆಯುವ ಯಾವುದನ್ನು ಬೇರೆ ಭಾಗದ ಅಂಕ ತುಂಬಿಕೊಡಲಾರದು? ಆ ವಾಕ್ಯ ಬರೆಯಲು ಬಾರದಿದ್ದರೆ ಅಲ್ಲಿ ಪ್ರತ್ಯೇಕ ಗೆರೆ ಬೇಡ.

ಎರಡು ಗೆರೆಗಳನ್ನೂ ಒಟ್ಟಿಗೆ ಇಟ್ಟಾಗ ಒಂದು ಸರಳವಾದ ಗಣಿತವಿದೆ. ಅದನ್ನು ಮಾಡಿ ನೋಡದೆ ನಿಯಮ ಬರೆಯುವವರೇ ಹೆಚ್ಚು. ಪ್ರತಿ ಭಾಗಕ್ಕೂ ಶೇಕಡಾ 40, ಒಟ್ಟಿಗೂ ಶೇಕಡಾ 40 ಎಂದು ಬರೆದರೆ, ಒಟ್ಟಿನ ನಿಯಮ ಕಾಗದದ ಮೇಲೆ ಮಾತ್ರ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಥಿಯರಿಯ ಕನಿಷ್ಠ 24, ಪ್ರಾಕ್ಟಿಕಲ್‌ನದು 10, ವೈವಾದ್ದು 6, ಕೂಡಿದರೆ 40. ಭಾಗಗಳನ್ನು ದಾಟಿದವನು ಒಟ್ಟಿನಲ್ಲಿ 40 ದಾಟಿಯೇ ಇರುತ್ತಾನೆ, ಆದ್ದರಿಂದ ಆ ಒಟ್ಟಿನ ಗೆರೆ ಒಬ್ಬ ವಿದ್ಯಾರ್ಥಿಯನ್ನೂ ತಡೆಯುವುದಿಲ್ಲ.

ತಮಗೆ ಚೆನ್ನಾಗಿ ಪರಿಚಯವಿರುವ ಇನ್ನೊಂದು ನಿಯಮವನ್ನು ನೋಡಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಸಾಮಾನ್ಯ ಥಿಯರಿ ವಿಷಯಕ್ಕೆ ಸಿಐಇ, ಅಂದರೆ ಇಂಟರ್ನಲ್ಸ್ 50 ಅಂಕ, ಸೆಮಿಸ್ಟರ್ ಕೊನೆಯ ಪರೀಕ್ಷೆ 50 ಅಂಕ. ಇಂಟರ್ನಲ್ಸ್‌ನಲ್ಲಿ ಶೇಕಡಾ 40, ಅಂದರೆ 20. ಕೊನೆಯ ಪರೀಕ್ಷೆಯಲ್ಲಿ ಶೇಕಡಾ 35, ಅಂದರೆ 17.5, ಪೂರ್ಣಾಂಕದಲ್ಲಿ 18. ಎರಡೂ ಸೇರಿ 40 ಬರಬೇಕು. ಇಲ್ಲಿ ಕನಿಷ್ಠಗಳ ಮೊತ್ತ 38, ಒಟ್ಟಿನ ಗೆರೆ 40. ಎರಡೂ ಭಾಗಗಳನ್ನು ದಾಟಿಯೂ ಒಟ್ಟಿನಲ್ಲಿ ನಿಲ್ಲಬಹುದಾದ ಅಂಕಗಳ ಜೋಡಿಗಳನ್ನು ಬೆರಳಲ್ಲಿ ಎಣಿಸಬಹುದು: 20 ಮತ್ತು 18, 20 ಮತ್ತು 19, 21 ಮತ್ತು 18. ಮೂರೇ ಮೂರು. ಬೇರೆ ಯಾವ ಜೋಡಿಯಲ್ಲೂ ಒಟ್ಟಿನ ನಿಯಮಕ್ಕೆ ಕೆಲಸವಿಲ್ಲ. ಇದನ್ನು ದೋಷವೆಂದು ನಾನು ಹೇಳುತ್ತಿಲ್ಲ. ಇಂಟರ್ನಲ್ಸ್‌ನಲ್ಲಿ 25 ತೆಗೆದವನಿಗೆ ಕೊನೆಯ ಪರೀಕ್ಷೆಯಲ್ಲಿ 18 ಸಾಕು ಎಂಬ ಸ್ವಲ್ಪ ಸಡಿಲಿಕೆಯನ್ನು ಅದು ಕೊಡುತ್ತದೆ, ಅದು ಒಂದು ನ್ಯಾಯವಾದ ಆಯ್ಕೆ. ಆದರೆ ತಮ್ಮ ಕಾಲೇಜಿನ ನಿಯಮದಲ್ಲಿ ಒಟ್ಟಿನ ಗೆರೆಗೆ ನಿಜವಾದ ಕೆಲಸವಿರಬೇಕೆಂದು ತಾವು ಬಯಸುವುದಾದರೆ, ಅದು ಕನಿಷ್ಠಗಳ ಮೊತ್ತಕ್ಕಿಂತ ಸಾಕಷ್ಟು ಮೇಲಿರಬೇಕು. ಲ್ಯಾಬ್ ಟೆಕ್ನಿಷಿಯನ್ ನಿಯಮದಲ್ಲಿ ಆ ಅಂತರ 10 ಅಂಕ. ವಿದ್ಯಾರ್ಥಿ ಎಲ್ಲ ಭಾಗಗಳಲ್ಲೂ ಅಂಚಿನಲ್ಲಿ ನಿಂತರೆ ಸಾಲದು, ಒಂದು ಕಡೆಯೋ ಹಲವು ಕಡೆಯೋ ಸೇರಿ ಹತ್ತು ಅಂಕ ಹೆಚ್ಚು ಗಳಿಸಬೇಕು, ಎಲ್ಲಿ ಎಂಬುದು ಅವನಿಗೆ ಬಿಟ್ಟದ್ದು. ಇದು ಅರ್ಥವುಳ್ಳ ನಿಯಮ.

ಹಾಗಿದ್ದರೆ ಆ ಹುಡುಗಿಗೆ ಆದದ್ದು ಏನು? ಈ ಪ್ರಶ್ನೆಗೆ ಉತ್ತರ ಅಂಕ ಎಷ್ಟು ನಂಬಿಕೆಗೆ ಅರ್ಹ ಎಂಬುದರಲ್ಲಿದೆ.

ಯಾವ ಅಂಕವೂ ವಿದ್ಯಾರ್ಥಿಯ ನಿಜವಾದ ಮಟ್ಟವನ್ನು ಕರಾರುವಾಕ್ಕಾಗಿ ತೋರಿಸುವುದಿಲ್ಲ. ಅದೇ ವಿದ್ಯಾರ್ಥಿ ಬೇರೆ ದಿನ, ಬೇರೆ ಪ್ರಶ್ನೆಗಳಿಗೆ, ಬೇರೆ ಪರೀಕ್ಷಕರ ಮುಂದೆ ಉತ್ತರಿಸಿದ್ದರೆ ಅಂಕ ಸ್ವಲ್ಪ ಆಚೀಚೆ ಆಗುತ್ತಿತ್ತು. ಈ ಆಚೀಚೆಯ ಗಾತ್ರವನ್ನು ಅಳತೆಯ ದೋಷ ಎನ್ನೋಣ. ಮೂರು ಗಂಟೆಯ ಥಿಯರಿ ಪತ್ರಿಕೆಯಲ್ಲಿ ಪ್ರಶ್ನೆಗಳು ಹಲವು. ಒಂದರಲ್ಲಿ ಆದ ನಷ್ಟ ಇನ್ನೊಂದರಲ್ಲಿ ಸರಿದೂಗುತ್ತದೆ. ನಾಲ್ಕು ನಿಮಿಷದ ವೈವಾದಲ್ಲಿ ಮೂರು ಪ್ರಶ್ನೆ. ಮೊದಲನೆಯದಕ್ಕೆ ತಡವರಿಸಿದರೆ ಉಳಿದವೂ ಹೋದವು. ಅಂದರೆ ಭಾಗ ಚಿಕ್ಕದಾದಷ್ಟೂ ಅದರ ಅಂಕದಲ್ಲಿ ಅದೃಷ್ಟದ ಪಾಲು ಹೆಚ್ಚು. ಹೀಗಿದ್ದೂ ನಮ್ಮ ನಿಯಮ ಅತ್ಯಂತ ದೀರ್ಘವಾದ ಭಾಗಕ್ಕೂ ಅತ್ಯಂತ ಚಿಕ್ಕದಾದ ಭಾಗಕ್ಕೂ ಒಂದೇ ಶೇಕಡಾವಾರನ್ನು, ಒಂದೇ ಕಠಿಣತೆಯಲ್ಲಿ, ಅನ್ವಯಿಸುತ್ತದೆ.

ಒಂದು ಲೆಕ್ಕವನ್ನು ಪೂರ್ತಿಯಾಗಿ ಮಾಡಿ ನೋಡೋಣ. ಇಲ್ಲಿನ ಸಂಖ್ಯೆಗಳು ವಿವರಣೆಗಾಗಿ ನಾನು ಇಟ್ಟುಕೊಂಡವು, ಯಾವುದೇ ಕಾಲೇಜಿನವಲ್ಲ. ಅಳತೆಯ ದೋಷ ಥಿಯರಿಯಲ್ಲಿ 3.2 ಅಂಕ, ಪ್ರಾಕ್ಟಿಕಲ್‌ನಲ್ಲಿ 2.4 ಅಂಕ, ವೈವಾದಲ್ಲಿ 2 ಅಂಕ ಎಂದಿರಲಿ. ಮೇಲ್ನೋಟಕ್ಕೆ ವೈವಾದ ದೋಷವೇ ಕಡಿಮೆ. ಆದರೆ 60ರಲ್ಲಿ 3.2 ಎಲ್ಲಿ, 15ರಲ್ಲಿ 2 ಎಲ್ಲಿ? ಈಗ ಸಾಧಾರಣ ಮಟ್ಟದ, ಆದರೆ ಪಾಸಾಗಲು ಅರ್ಹನಾದ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ಅವನ ನಿಜವಾದ ಮಟ್ಟ ಥಿಯರಿಯಲ್ಲಿ 33, ಪ್ರಾಕ್ಟಿಕಲ್‌ನಲ್ಲಿ 13, ವೈವಾದಲ್ಲಿ 8, ಒಟ್ಟು 54. ಪ್ರತಿ ಗೆರೆಯನ್ನೂ ಅವನು ದಾಟಿದ್ದಾನೆ. ಇದೇ ಮಟ್ಟದ ನೂರು ಮಂದಿ ಪರೀಕ್ಷೆಗೆ ಕುಳಿತರೆ, ಅಂಕಗಳ ಏರಿಳಿತ ಗಂಟೆಯಾಕಾರದ ರೇಖೆಯನ್ನು ಅನುಸರಿಸುತ್ತದೆ, ಅಂಕವನ್ನು ಹತ್ತಿರದ ಪೂರ್ಣಾಂಕದಲ್ಲಿ ಕೊಡಲಾಗುತ್ತದೆ ಎಂದುಕೊಂಡು ಲೆಕ್ಕ ಹಾಕಿದಾಗ, ಥಿಯರಿಯ ಗೆರೆಯಲ್ಲಿ ಬಹುಮಟ್ಟಿಗೆ ಯಾರೂ ಬೀಳುವುದಿಲ್ಲ, ಪ್ರಾಕ್ಟಿಕಲ್‌ನಲ್ಲಿ ಸುಮಾರು ಏಳು ಮಂದಿ, ವೈವಾದಲ್ಲಿ ಹತ್ತು ಹನ್ನೊಂದು ಮಂದಿ ಬೀಳುತ್ತಾರೆ. ಯಾವುದಾದರೂ ಒಂದು ಭಾಗದಲ್ಲಿ ಬೀಳುವವರು ಸುಮಾರು ಹದಿನೇಳು. ಒಟ್ಟಿನ ಗೆರೆಯಲ್ಲಿ ಬೀಳುವವರನ್ನು ನಾನಿನ್ನೂ ಸೇರಿಸಿಲ್ಲ. ಪಾಸಾಗಬೇಕಾದ ನೂರರಲ್ಲಿ ಹದಿನೇಳು ಮಂದಿಯನ್ನು ಭಾಗದ ನಿಯಮ ತಡೆಯಿತು, ಅದರಲ್ಲಿ ಹೆಚ್ಚಿನವರನ್ನು ತಡೆದದ್ದು ನೂರರಲ್ಲಿ ಹದಿನೈದೇ ಅಂಕದ ಭಾಗ.

ಗೆರೆಗಳ ಸಂಖ್ಯೆ ಹೆಚ್ಚಿದಂತೆ ಇದು ಹೆಚ್ಚುತ್ತಲೇ ಹೋಗುತ್ತದೆ, ಏಕೆಂದರೆ ವಿದ್ಯಾರ್ಥಿ ಎಲ್ಲದರಲ್ಲೂ ಏಕಕಾಲದಲ್ಲಿ ಅದೃಷ್ಟವಂತನಾಗಿರಬೇಕು. ಅಸೈನ್‌ಮೆಂಟಿಗೆ ಕನಿಷ್ಠ, ರೆಕಾರ್ಡಿಗೆ ಕನಿಷ್ಠ, ಟೆಸ್ಟಿಗೆ ಕನಿಷ್ಠ ಎಂದು ಗೆರೆಗಳನ್ನು ಸೇರಿಸುತ್ತ ಹೋದಾಗ ಗುಣಮಟ್ಟ ಬಿಗಿಯಾಯಿತು ಎಂದು ಸಮಿತಿಗೆ ಅನ್ನಿಸುತ್ತದೆ. ಬಿಗಿಯಾದದ್ದು ಬಹುಪಾಲು ಆಕಸ್ಮಿಕದ ಹಿಡಿತ.

ಇದಕ್ಕೆ ಸುಲಭವಾಗಿ ತೋಚುವ ಪರಿಹಾರ, ಪ್ರಾಕ್ಟಿಕಲ್ ಮತ್ತು ವೈವಾಗಳನ್ನು ಕೂಡಿಸಿ 40 ಅಂಕದ ಒಂದೇ ಭಾಗ ಮಾಡಿ 16ಕ್ಕೆ ಗೆರೆ ಎಳೆಯುವುದು. ನಮ್ಮ ವಿದ್ಯಾರ್ಥಿಯ ಮಟ್ಟಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ: ಹದಿನೇಳರ ಬದಲು ನಾಲ್ಕು ಮಂದಿ ಮಾತ್ರ ಬೀಳುತ್ತಾರೆ. ಆದರೆ ಇನ್ನೊಬ್ಬನನ್ನು ನೋಡಿ. ಮಾತಿನಲ್ಲಿ ಚುರುಕು, ಕೈಯಲ್ಲಿ ಕೆಲಸವಿಲ್ಲ. ನಿಜವಾದ ಮಟ್ಟ ಪ್ರಾಕ್ಟಿಕಲ್‌ನಲ್ಲಿ 7, ವೈವಾದಲ್ಲಿ 11. ಪ್ರತ್ಯೇಕ ಗೆರೆ ಇದ್ದಾಗ ಇಂಥ ನೂರರಲ್ಲಿ ಹದಿನೈದು ಮಂದಿ ಮಾತ್ರ ಪ್ರಾಕ್ಟಿಕಲ್ ದಾಟುತ್ತಿದ್ದರು. ಕೂಡಿಸಿದ ಮೇಲೆ ಸುಮಾರು ಎಂಬತ್ತು ಮಂದಿ ದಾಟುತ್ತಾರೆ. ಅರ್ಹನನ್ನು ಕಾಪಾಡಲು ಹೋಗಿ ರೋಗಿಯ ಎದುರು ಅನರ್ಹನನ್ನು ತಂದು ನಿಲ್ಲಿಸಿದಂತಾಯಿತು. ರಕ್ತದ ಗುಂಪಿನ ವಿಷಯದಲ್ಲಿ ನಾನು ಇದನ್ನು ಒಪ್ಪಲಾರೆ.

ನನ್ನ ಸಲಹೆ ಬೇರೆ. ವೈವಾಕ್ಕೆ ಪ್ರತ್ಯೇಕ ಕನಿಷ್ಠ ಬೇಡ. ಅದರ ಅಂಕ ಒಟ್ಟಿಗೆ ಸೇರಲಿ, ಹಾಜರಾಗುವುದಷ್ಟೇ ಕಡ್ಡಾಯವಾಗಿರಲಿ. ಮೊದಲು ಹೇಳಿದ ಆ ಒಂದು ವಾಕ್ಯವನ್ನು ವೈವಾದ ಬಗ್ಗೆ ಬರೆಯಲು ನಾನು ಪ್ರಯತ್ನಿಸಿದ್ದೇನೆ, ಆಗಲಿಲ್ಲ. ಅಲ್ಲಿ ಕೇಳುವುದೆಲ್ಲ ಥಿಯರಿಯಲ್ಲೋ ಪ್ರಾಕ್ಟಿಕಲ್‌ನಲ್ಲೋ ಅಳೆಯಲ್ಪಟ್ಟಿರುತ್ತದೆ. ಪ್ರಾಕ್ಟಿಕಲ್‌ನ ಗೆರೆ ಮಾತ್ರ ಇರಲೇಬೇಕು, ಆದರೆ ಆ ಗೆರೆಯನ್ನು ಹೊರಬಲ್ಲಷ್ಟು ಗಟ್ಟಿಯಾಗಿ ಪ್ರಾಕ್ಟಿಕಲ್ ಪರೀಕ್ಷೆಯನ್ನೇ ಮಾಡಬೇಕು. ಈಗ ಚೀಟಿ ಎತ್ತಿ ಒಂದು ಪ್ರಯೋಗ, ಒಬ್ಬ ಪರೀಕ್ಷಕರು. ಅದರ ಬದಲು ಎರಡು ಚಿಕ್ಕ ಪ್ರಯೋಗಗಳನ್ನು ಕೊಟ್ಟು, ಒಂದೊಂದನ್ನು ಒಬ್ಬೊಬ್ಬ ಪರೀಕ್ಷಕರು ಬೇರೆ ಬೇರೆಯಾಗಿ ಅಳೆದು, ಸರಾಸರಿ ತೆಗೆದರೆ ಅಳತೆಯ ದೋಷ 2.4ರಿಂದ ಸುಮಾರು 1.7ಕ್ಕೆ ಇಳಿಯುತ್ತದೆ. ಆಗ ಅರ್ಹನಾದ ಆ ವಿದ್ಯಾರ್ಥಿಯಂಥವರು ನೂರರಲ್ಲಿ ಏಳರ ಬದಲು ಇಬ್ಬರು ಬೀಳುತ್ತಾರೆ. ಕೈಕೆಲಸ ಬಾರದವನಂಥವರು ಹದಿನೈದರ ಬದಲು ಏಳು ಮಂದಿ ದಾಟುತ್ತಾರೆ. ಎರಡೂ ತಪ್ಪುಗಳು ಒಟ್ಟಿಗೆ ಕಡಿಮೆಯಾದದ್ದನ್ನು ಗಮನಿಸಿ. ಗೆರೆಯನ್ನು ಮೇಲೆ ಕೆಳಗೆ ಸರಿಸುವುದರಿಂದ ಇದು ಎಂದಿಗೂ ಆಗದು. ಸರಿಸಿದರೆ ಒಂದು ತಪ್ಪು ಇಳಿದು ಇನ್ನೊಂದು ಏರುತ್ತದೆ, ಅಷ್ಟೇ. ಸಮಯ ಎಲ್ಲಿಂದ ತರುವುದು ಎಂದು ತಾವು ಕೇಳಬಹುದು. ಪ್ರತ್ಯೇಕ ಗೆರೆಯಿಲ್ಲದ ವೈವಾವನ್ನು ಪ್ರಯೋಗದ ಮೇಜಿನ ಬಳಿಯೇ ಮುಗಿಸಿದರೆ ಅರ್ಧದಷ್ಟು ಸಮಯ ಅಲ್ಲೇ ಸಿಗುತ್ತದೆ.

ಈ ದೋಷದ ಅಂಕಿಯನ್ನು ತಮ್ಮ ಕಾಲೇಜಿನಲ್ಲಿ ತಿಳಿಯುವುದು ಕಷ್ಟವೇನಲ್ಲ. ಒಂದು ಬ್ಯಾಚಿನ ಇಪ್ಪತ್ತೈದು ಮೂವತ್ತು ವಿದ್ಯಾರ್ಥಿಗಳ ಪ್ರಾಕ್ಟಿಕಲ್‌ಗೆ ಇಂಟರ್ನಲ್ ಮತ್ತು ಎಕ್ಸ್‌ಟರ್ನಲ್ ಪರೀಕ್ಷಕರಿಬ್ಬರೂ ಒಬ್ಬರ ಅಂಕವನ್ನು ಒಬ್ಬರು ನೋಡದೆ ಅಂಕ ಕೊಡಲಿ. ಪ್ರತಿ ವಿದ್ಯಾರ್ಥಿಗೆ ಇಬ್ಬರ ಅಂಕಗಳ ವ್ಯತ್ಯಾಸವನ್ನು ಬರೆದುಕೊಂಡು, ಆ ವ್ಯತ್ಯಾಸಗಳ ಮಾನಕ ವಿಚಲನೆಯನ್ನು 1.41ರಿಂದ ಭಾಗಿಸಿದರೆ ಒಬ್ಬ ಪರೀಕ್ಷಕರ ಅಂಕದಲ್ಲಿರುವ ದೋಷ ಸಿಗುತ್ತದೆ. ವಿಚಲನೆ 3.4 ಬಂದರೆ ದೋಷ 2.4. ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಇಬ್ಬರೂ ಪಕ್ಕಪಕ್ಕ ಕುಳಿತು ಮಾತಾಡಿಕೊಂಡು ಅಂಕ ಹಾಕಿದರೆ ವ್ಯತ್ಯಾಸ ಸೊನ್ನೆಗೆ ಹತ್ತಿರವಾಗುತ್ತದೆ, ಆದರೆ ಆ ಸೊನ್ನೆಯಿಂದ ಏನನ್ನೂ ತಿಳಿಯಲಾಗದು. ಮತ್ತೆ, ಇಬ್ಬರೂ ನೋಡಿದ್ದು ಒಂದೇ ಪ್ರಯೋಗವನ್ನಾದ್ದರಿಂದ, ಚೀಟಿಯಲ್ಲಿ ಸುಲಭದ ಪ್ರಯೋಗ ಬಂತೋ ಕಷ್ಟದ್ದು ಬಂತೋ ಎಂಬ ಅದೃಷ್ಟ ಈ ಲೆಕ್ಕಕ್ಕೆ ಸಿಗುವುದಿಲ್ಲ. ನಿಜವಾದ ದೋಷ ಇದಕ್ಕಿಂತ ಹೆಚ್ಚೇ ಇರುತ್ತದೆ.

ಇನ್ನು ಪ್ರಾಕ್ಟಿಕಲ್‌ನ ಗೆರೆ 10ಕ್ಕೇ ಏಕೆ ಇರಬೇಕು? ಶೇಕಡಾ 40 ರೂಢಿಯಿಂದ ಬಂದ ಸಂಖ್ಯೆ. ಅದು ಕೌಶಲದ ಬಗ್ಗೆ ಏನನ್ನೂ ಹೇಳುವುದಿಲ್ಲ. 1971ರಲ್ಲಿ ವಿಲಿಯಂ ಆಂಗಾಫ್ ವಿವರಿಸಿದ ಒಂದು ವಿಧಾನ ಇಂದಿಗೂ ವೃತ್ತಿ ಪರೀಕ್ಷೆಗಳಲ್ಲಿ ಬಳಕೆಯಲ್ಲಿದೆ, ಅದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು. ಆರೇಳು ಮಂದಿ ಅನುಭವಿ ಅಧ್ಯಾಪಕರು ಕುಳಿತು, ಕೆಲಸಕ್ಕೆ ಸೇರಿಸಿಕೊಳ್ಳಲು ಸಾಕೇ ಸಾಕಾಗುವಷ್ಟು ಮಾತ್ರ ಬಲ್ಲ ಒಬ್ಬ ವಿದ್ಯಾರ್ಥಿಯನ್ನು ಮನಸ್ಸಿಗೆ ತಂದುಕೊಳ್ಳುತ್ತಾರೆ. ಪ್ರಯೋಗದ ಪ್ರತಿ ಹಂತಕ್ಕೂ, ಸ್ಲೈಡಿಗೆ ಗುರುತು ಹಾಕುವುದು, ಆಂಟಿ-ಎ, ಆಂಟಿ-ಬಿ, ಆಂಟಿ-ಡಿ ದ್ರಾವಣಗಳನ್ನು ಸರಿಯಾದ ಜಾಗದಲ್ಲಿ ಹಾಕುವುದು, ಬೆರೆಸುವುದು, ಹೇಳಿದ ಸಮಯದೊಳಗೆ ಫಲಿತಾಂಶ ಓದುವುದು, ದಾಖಲಿಸುವುದು, ಹೀಗೆ ಒಂದೊಂದಕ್ಕೂ ಆ ವಿದ್ಯಾರ್ಥಿ ಎಷ್ಟು ಅಂಕ ಗಳಿಸಬಹುದು ಎಂದು ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಬರೆಯುತ್ತಾರೆ. ಕೂಡಿಸಿ ಸರಾಸರಿ ತೆಗೆದರೆ ಗೆರೆ ಸಿಗುತ್ತದೆ. ನನ್ನ ಅನುಭವದಲ್ಲಿ ಪ್ರಾಕ್ಟಿಕಲ್‌ಗೆ ಅದು ಶೇಕಡಾ 40ಕ್ಕಿಂತ ಮೇಲೆಯೇ ಬರುತ್ತದೆ, ಏಕೆಂದರೆ ಅರ್ಧಕ್ಕಿಂತ ಹೆಚ್ಚು ಹಂತಗಳನ್ನು ತಪ್ಪು ಮಾಡುವವನನ್ನು ಯಾವ ಅಧ್ಯಾಪಕರೂ ಸಾಕು ಎನ್ನುವುದಿಲ್ಲ. ಗೆರೆ ಏರಿದರೆ ಅಳತೆ ಗಟ್ಟಿಯಾಗಿರುವುದು ಇನ್ನಷ್ಟು ಅಗತ್ಯವಾಗುತ್ತದೆ.

ಅಂಕಗಳನ್ನು ಪೂರ್ಣಾಂಕ ಮಾಡುವ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 100ಕ್ಕೆ ನಡೆಸಿದ ಪರೀಕ್ಷೆಯನ್ನು 50ಕ್ಕೆ ಇಳಿಸುವಾಗ 35 ಅಂಕ 17.5 ಆಗುತ್ತದೆ, ಅದು 18 ಆಗುತ್ತದೋ 17 ಆಗುತ್ತದೋ ಎಂಬುದರ ಮೇಲೆ ಒಬ್ಬರ ಆರು ತಿಂಗಳು ನಿಂತಿರುತ್ತದೆ. ಭಾಗದ ಗೆರೆಯನ್ನು ಉತ್ತರ ಪತ್ರಿಕೆಯ ಮೂಲ ಅಂಕದಲ್ಲೇ ಪರೀಕ್ಷಿಸಬೇಕು, ಪೂರ್ಣಾಂಕವನ್ನು ಕೊನೆಯಲ್ಲಿ ಒಂದೇ ಸಲ ಮಾಡಬೇಕು, ಮತ್ತು ಇದನ್ನು ನಿಯಮದಲ್ಲೇ ಬರೆದಿರಬೇಕು.

ಕೊನೆಯದಾಗಿ, ಇಂಥ ನಿಯಮಗಳಲ್ಲಿ ಬಹುತೇಕ ಬಿಟ್ಟುಹೋಗುವ ಒಂದು ವಿಷಯವಿದೆ, ಅದಕ್ಕೆ ತಾವು ಸಮಯ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಥಿಯರಿಯಲ್ಲಿ 26, ಪ್ರಾಕ್ಟಿಕಲ್‌ನಲ್ಲಿ 12, ವೈವಾದಲ್ಲಿ 8 ಬಂದ ವಿದ್ಯಾರ್ಥಿಯನ್ನು ತೆಗೆದುಕೊಳ್ಳಿ. ಯಾವ ಭಾಗದಲ್ಲೂ ಅವನು ನಪಾಸಾಗಿಲ್ಲ, ಆದರೆ ಒಟ್ಟು 46. ಅವನು ಮತ್ತೆ ಬರೆಯಬೇಕಾದದ್ದು ಯಾವುದನ್ನು? ನಾನು ನೋಡಿದ ಒಂದು ನಿಯಮಾವಳಿಯಲ್ಲಿ ಇದಕ್ಕೆ ಉತ್ತರವೇ ಇರಲಿಲ್ಲ. ಕಚೇರಿಯವರು ಒಂದು ವರ್ಷ ಎಲ್ಲ ಭಾಗಗಳನ್ನೂ ಬರೆಸಿದರು, ಮರುವರ್ಷ ಥಿಯರಿಯನ್ನು ಮಾತ್ರ ಬರೆಸಿದರು. ಮೊದಲನೆಯ ವರ್ಷ ಒಬ್ಬ ಹುಡುಗ ಥಿಯರಿಯಲ್ಲಿ ಅಂಕ ಹೆಚ್ಚಿಸಿಕೊಂಡು, ಹಿಂದೆ ದಾಟಿದ್ದ ಪ್ರಾಕ್ಟಿಕಲ್‌ನಲ್ಲಿ ಈ ಸಲ 9 ತೆಗೆದು ಮತ್ತೆ ನಿಂತುಹೋದ. ಒಮ್ಮೆ ತೋರಿಸಿದ ಕೌಶಲವನ್ನು ಅವನಿಂದ ಕಸಿದುಕೊಂಡಂತಾಯಿತು.

ಒಮ್ಮೆ ದಾಟಿದ ಭಾಗ ದಾಟಿದ್ದೇ, ಅದರ ಅಂಕ ಉಳಿಯಲಿ. ಒಟ್ಟಿನಲ್ಲಿ ಮಾತ್ರ ನಿಂತವನು ತನಗೆ ಬೇಕಾದ ಒಂದು ಭಾಗವನ್ನು ಆರಿಸಿಕೊಂಡು ಬರೆಯಲಿ, ಎರಡರಲ್ಲಿ ಹೆಚ್ಚಿನ ಅಂಕವನ್ನು ಇಟ್ಟುಕೊಳ್ಳಲಿ. ಕೊರತೆಯನ್ನು ಎಲ್ಲಿಂದಲಾದರೂ ತುಂಬಬಹುದು ಎಂಬುದೇ ಒಟ್ಟಿನ ಗೆರೆಯ ಅರ್ಥವಾದ್ದರಿಂದ ಆ ಆಯ್ಕೆ ಅವನದಾಗಿರಬೇಕು. ಸೆಮಿಸ್ಟರ್ ಮುಗಿದ ಮೇಲೆ ಮತ್ತೆ ನಡೆಸಲಾಗದ ಇಂಟರ್ನಲ್ಸ್‌ನಂಥ ಭಾಗವಿದ್ದರೆ ಅದು ಈ ಆಯ್ಕೆಯಿಂದ ಹೊರಗುಳಿಯುತ್ತದೆ, ಅದನ್ನು ವಿದ್ಯಾರ್ಥಿಗೆ ಮೊದಲ ವಾರದಲ್ಲೇ ತಿಳಿಸಬೇಕು. ಅಂಕಪಟ್ಟಿಯಲ್ಲಿ ಕೂಡ ‘ಅನುತ್ತೀರ್ಣ’ ಎಂಬ ಒಂದೇ ಪದ ಸಾಲದು. ‘ಪ್ರಾಕ್ಟಿಕಲ್‌ನಲ್ಲಿ ಕನಿಷ್ಠ ಬಂದಿಲ್ಲ’ ಎಂದೋ, ‘ಎಲ್ಲ ಭಾಗಗಳಲ್ಲಿ ಕನಿಷ್ಠ ಬಂದಿದೆ, ಒಟ್ಟಿಗೆ ನಾಲ್ಕು ಅಂಕ ಕಡಿಮೆ’ ಎಂದೋ ಬರೆದಿರಬೇಕು. ಫಲಿತಾಂಶದ ದಿನ ನೋಟಿಸ್ ಬೋರ್ಡಿನ ಮುಂದೆ ನಿಂತವನಿಗೆ, ಮುಂದೆ ಯಾವುದಕ್ಕೆ ಓದಬೇಕು, ಯಾವುದಕ್ಕೆ ಶುಲ್ಕ ಕಟ್ಟಬೇಕು ಎಂಬುದು ಆ ಸಾಲಿನಿಂದಲೇ ತಿಳಿಯಬೇಕು.